ಮಲೇರಿಯಾ ಜೀವನಚಕ್ರದ ಉತ್ತರ: ಅಂಕ ಎಲ್ಲಿ ಸಿಗುತ್ತದೆ, ಎಲ್ಲಿ ಸೋರುತ್ತದೆ

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಬದಿಯಡ್ಕದವಳು, ಕಾಸರಗೋಡಿನಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಶಾಲೆಯಲ್ಲಿ ಕನ್ನಡ ಮಾಧ್ಯಮ, ಈಗ ಪರೀಕ್ಷೆ ಇಂಗ್ಲಿಷಿನಲ್ಲಿ. ‘ಪ್ಲಾಸ್ಮೋಡಿಯಂ ವೈವಾಕ್ಸ್‌ನ ಜೀವನಚಕ್ರವನ್ನು ಚಿತ್ರಸಹಿತ ವಿವರಿಸಿ’ ಎಂಬ 15 ಅಂಕದ ಪ್ರಶ್ನೆಗೆ ಮಾದರಿ ಪರೀಕ್ಷೆಯಲ್ಲಿ ಆರು ಪುಟ ಬರೆದೆ, ಬಣ್ಣದ ಪೆನ್ಸಿಲಿನಲ್ಲಿ ಚಿತ್ರವನ್ನೂ ಬಿಡಿಸಿದೆ. ಸಿಕ್ಕಿದ್ದು ಆರೂವರೆ ಅಂಕ. ಮೂರು ಪುಟ ಬರೆದ ಗೆಳತಿಗೆ ಹನ್ನೊಂದು. ಉತ್ತರಪತ್ರಿಕೆಯ ಫೋಟೋ ಕಳುಹಿಸಿದ್ದೇನೆ. ನಾನು ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಆರು ಪುಟಗಳಲ್ಲಿ ಮೊದಲ ಒಂದೂವರೆ ಪುಟವನ್ನು ಮೊದಲು ಪಕ್ಕಕ್ಕಿಡೋಣ. ಅಲ್ಲಿ ವರ್ಗೀಕರಣವಿದೆ, ರೊನಾಲ್ಡ್ ರಾಸ್ ಅವರ ಜೀವನಚರಿತ್ರೆಯಿದೆ, ಚಳಿಜ್ವರದ ಲಕ್ಷಣಗಳಿವೆ, ಸೊಳ್ಳೆಪರದೆಯ ಉಪಯೋಗವಿದೆ. ಯಾವುದೂ ತಪ್ಪಲ್ಲ, ಆದರೆ ಯಾವುದನ್ನೂ ಪ್ರಶ್ನೆ ಕೇಳಿಲ್ಲ. ಜೀವನಚಕ್ರ ಕೇಳಿದ ಕಡೆ ರೋಗ ನಿಯಂತ್ರಣ ಬರೆದರೆ ಮೌಲ್ಯಮಾಪಕರು ಅಂಕ ಕಳೆಯುವುದಿಲ್ಲ, ಕೊಡುವುದೂ ಇಲ್ಲ. ನಿಮ್ಮ ಹತ್ತು ನಿಮಿಷ ಮಾತ್ರ ಹೋಗುತ್ತದೆ. ಆ ಹತ್ತು ನಿಮಿಷ ಚಿತ್ರಕ್ಕೆ ಬೇಕಾಗಿತ್ತು.

ನಿಜವಾದ ಸೋರಿಕೆ ಇರುವುದು ಎರಡನೆಯ ಪುಟದಿಂದ. ನಿಮ್ಮದೇ ಒಂದು ವಾಕ್ಯವನ್ನು ಕನ್ನಡಕ್ಕೆ ತಂದು ನೋಡುತ್ತೇನೆ: “ಸೊಳ್ಳೆ ಕಚ್ಚಿದಾಗ ಪರಾವಲಂಬಿ ರಕ್ತಕ್ಕೆ ಸೇರಿ, ಯಕೃತ್ತಿಗೆ ಹೋಗಿ ಬೆಳೆದು, ಮತ್ತೆ ರಕ್ತಕ್ಕೆ ಬಂದು, ಕೆಂಪು ರಕ್ತಕಣಗಳನ್ನು ನಾಶಮಾಡಿ ಜ್ವರವನ್ನು ಉಂಟುಮಾಡುತ್ತದೆ.” ಇದನ್ನು ಓದಿದವರಿಗೆ ನಿಮಗೆ ವಿಷಯ ಗೊತ್ತಿದೆ ಎಂದು ಅನಿಸುತ್ತದೆ. ಆದರೆ ಕೈಯಲ್ಲಿ ಅಂಕಸೂಚಿ ಹಿಡಿದು ಕುಳಿತವರಿಗೆ ಗುರುತು ಹಾಕಲು ಒಂದು ಜಾಗವೂ ಸಿಗುವುದಿಲ್ಲ. ಯಾವ ರೂಪದ ಪರಾವಲಂಬಿ ಒಳಗೆ ಬಂತು? ಯಕೃತ್ತಿನ ಯಾವ ಜೀವಕೋಶಕ್ಕೆ ಹೋಯಿತು? ಅಲ್ಲಿ ನಡೆದ ವಿಭಜನೆ ಯಾವ ಬಗೆಯದು, ಎಷ್ಟು ದಿನದ್ದು? ಹೊರಗೆ ಬಂದದ್ದರ ಹೆಸರೇನು? ಕಾಸರಗೋಡಿನಿಂದ ಮಂಗಳೂರಿಗೆ ಹೋದ ಬಸ್ಸು ಕುಂಬಳೆ, ಉಪ್ಪಳ, ತಲಪಾಡಿಯಲ್ಲಿ ನಿಂತಿತು ಎಂದಷ್ಟೇ ನೀವು ಹೇಳಿದ್ದೀರಿ. ಪ್ರತಿ ನಿಲ್ದಾಣದಲ್ಲಿ ಯಾರು ಹತ್ತಿದರು, ಯಾರು ಇಳಿದರು ಎಂಬುದಕ್ಕೆ ಅಂಕವಿರುವುದು.

ಜೀವನಚಕ್ರದ ಉತ್ತರದಲ್ಲಿ ಅಂಕವೆಲ್ಲ ಇರುವುದು ತಿರುವುಗಳಲ್ಲಿ. ಪರಾವಲಂಬಿಯ ಹೆಸರು ಬದಲಾಗುವ ಜಾಗ, ಅದು ಒಂದು ಅಂಗದಿಂದ ಇನ್ನೊಂದಕ್ಕೆ ದಾಟುವ ಜಾಗ, ಒಂದು ಆತಿಥೇಯವನ್ನು ಬಿಟ್ಟು ಇನ್ನೊಂದಕ್ಕೆ ಸೇರುವ ಜಾಗ, ಇವೇ ತಿರುವುಗಳು. ಪ್ರತಿ ತಿರುವಿನಲ್ಲೂ ನಾಲ್ಕು ಸಂಗತಿ ಬರಲೇಬೇಕು: ಯಾವ ರೂಪ, ಎಲ್ಲಿ, ಏನು ನಡೆಯಿತು, ಎಷ್ಟು ಹೊತ್ತು ಅಥವಾ ಎಷ್ಟು ಸಂಖ್ಯೆ. ನಿಮ್ಮ ಗೆಳತಿಯ ಮೂರು ಪುಟದಲ್ಲಿ ಇದು ಇದ್ದಿರಬೇಕು ಎಂಬುದು ನನ್ನ ಊಹೆ. ಅಂಕಗಳ ಹಂಚಿಕೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಆದರೂ 15 ಅಂಕದ ಪ್ರಶ್ನೆಗೆ ಚಿತ್ರಕ್ಕೆ ನಾಲ್ಕರಷ್ಟು, ಮನುಷ್ಯನೊಳಗಿನ ಹಂತಗಳಿಗೆ ಆರರಷ್ಟು, ಸೊಳ್ಳೆಯೊಳಗಿನವಕ್ಕೆ ನಾಲ್ಕರಷ್ಟು, ಆತಿಥೇಯಗಳ ಪರಿಚಯಕ್ಕೆ ಉಳಿದದ್ದು ಎಂದು ಲೆಕ್ಕ ಹಾಕಿಕೊಂಡು ಬರೆದರೆ ಹೆಚ್ಚು ಕಡಿಮೆಯಾಗುವುದಿಲ್ಲ.

ಆರಂಭದ ವಾಕ್ಯದಲ್ಲೇ ನಿಮಗೆ ಒಂದು ಅಂಕ ಹೋಗಿದೆ. ಮನುಷ್ಯನನ್ನು ಅಂತಿಮ ಆತಿಥೇಯ ಎಂದೂ ಸೊಳ್ಳೆಯನ್ನು ಮಧ್ಯಂತರ ಆತಿಥೇಯ ಎಂದೂ ಬರೆದಿದ್ದೀರಿ. ರೋಗ ಬರುವುದು ನಮಗೆ, ಆದ್ದರಿಂದ ಮುಖ್ಯ ಆತಿಥೇಯ ನಾವೇ ಎಂಬ ತರ್ಕ ಇದರ ಹಿಂದೆ ಇದೆ. ಆದರೆ ನಿಯಮ ರೋಗದ ಮೇಲೆ ನಿಂತಿಲ್ಲ, ಲೈಂಗಿಕ ಸಂಯೋಗ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ಮಲೇರಿಯಾದಲ್ಲಿ ಗಂಡು ಹೆಣ್ಣು ಲಿಂಗಾಣುಗಳು ಕೂಡುವುದು ಹೆಣ್ಣು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ. ಹಾಗಾಗಿ ಸೊಳ್ಳೆಯೇ ಅಂತಿಮ ಆತಿಥೇಯ, ಮನುಷ್ಯ ಮಧ್ಯಂತರ ಆತಿಥೇಯ. ಲಾಡಿಹುಳುವಿನ ಪಾಠದಲ್ಲಿ ಮನುಷ್ಯ ಅಂತಿಮ ಆತಿಥೇಯನಾಗಿರುವುದರಿಂದ ಗೊಂದಲ ಸಹಜ. ಉತ್ತರದಲ್ಲಿ ಕಾರಣವನ್ನೂ ಸೇರಿಸಿ ಬರೆಯಿರಿ. ಬಾಯಿಪಾಠದ ಉತ್ತರವನ್ನೂ ಅರ್ಥಮಾಡಿಕೊಂಡ ಉತ್ತರವನ್ನೂ ಬೇರ್ಪಡಿಸುವುದು ಆ ಅರ್ಧ ವಾಕ್ಯವೇ.

ಈಗ ಯಕೃತ್ತಿನ ಹಂತವನ್ನು ಹೇಗೆ ಬರೆಯಬಹುದು ಎಂದು ತೋರಿಸುತ್ತೇನೆ. ನೀವು ಇಂಗ್ಲಿಷಿನಲ್ಲಿ ಬರೆಯುವವರು, ಆದರೂ ವಾಕ್ಯದೊಳಗೆ ಏನೇನು ತುಂಬಬೇಕು ಎಂಬುದು ಕನ್ನಡದಲ್ಲೂ ತಿಳಿಯುತ್ತದೆ.

“ಸೋಂಕಿತ ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚುವಾಗ ಅದರ ಜೊಲ್ಲಿನೊಂದಿಗೆ ಕುಡುಗೋಲಿನಾಕಾರದ ಸ್ಪೋರೊಜೊಯಿಟ್‌ಗಳು ಚರ್ಮದೊಳಗೆ ಸೇರಿ, ಅಲ್ಲಿಂದ ರಕ್ತಕ್ಕೆ ಬರುತ್ತವೆ. ರಕ್ತಕ್ಕೆ ಬಂದವು ಸುಮಾರು ಅರ್ಧದಿಂದ ಒಂದು ಗಂಟೆಯೊಳಗೆ ಯಕೃತ್ತಿನ ಜೀವಕೋಶಗಳನ್ನು ಹೊಗುತ್ತವೆ. ಅಲ್ಲಿ ಪ್ರತಿಯೊಂದೂ ದುಂಡಾಗಿ ಬೆಳೆದು, ಅದರ ಕೋಶಕೇಂದ್ರ ಮತ್ತೆ ಮತ್ತೆ ಒಡೆದು ಸೈಜಾಂಟ್ ಆಗುತ್ತದೆ. ಈ ಬಹುವಿಭಜನೆಯೇ ಸೈಜೊಗನಿ. ಸುಮಾರು ಎಂಟು ದಿನಗಳಲ್ಲಿ ಸೈಜಾಂಟ್ ಪಕ್ವವಾಗಿ ಒಡೆದು, ಸುಮಾರು 10,000 ಮೀರೊಜೊಯಿಟ್‌ಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಈ ಅವಧಿಯಲ್ಲಿ ರೋಗಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ.”

ಇದು ನಿಮ್ಮ ಒಂದು ವಾಕ್ಯದ ಅರ್ಧ ಭಾಗ ಮಾತ್ರ. ಉದ್ದ ಅಷ್ಟೇನೂ ಹೆಚ್ಚಿಲ್ಲ, ಆದರೆ ಗುರುತು ಹಾಕಬಹುದಾದ ಜಾಗಗಳನ್ನು ಎಣಿಸಿ ನೋಡಿ. ಸಂಖ್ಯೆಗಳ ಮುಂದೆ ‘ಸುಮಾರು’ ಎಂದು ಬರೆಯುವುದು ಸಂಕೋಚದಿಂದಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ಸ್ವಲ್ಪ ಬೇರೆ ಬೇರೆ ಇರುತ್ತವೆ, ‘ಸುಮಾರು’ ಇದ್ದರೆ ಯಾವ ಮೌಲ್ಯಮಾಪಕರ ಜೊತೆಗೂ ಜಗಳವಿಲ್ಲ.

ವೈವಾಕ್ಸ್ ಎಂದು ಪ್ರಶ್ನೆಯಲ್ಲಿ ಸ್ಪಷ್ಟವಾಗಿ ಇರುವುದರಿಂದ ಯಕೃತ್ತಿನಲ್ಲಿ ಇನ್ನೊಂದು ತಿರುವನ್ನು ನೀವು ತೋರಿಸಲೇಬೇಕಾಗಿತ್ತು. ಒಳಹೊಕ್ಕ ಸ್ಪೋರೊಜೊಯಿಟ್‌ಗಳೆಲ್ಲವೂ ತಕ್ಷಣ ಬೆಳೆಯುವುದಿಲ್ಲ. ಕೆಲವು ಒಂಟಿ ಕೋಶಕೇಂದ್ರದ ಪುಟ್ಟ ರೂಪದಲ್ಲಿ ಯಕೃತ್ತಿನ ಜೀವಕೋಶದೊಳಗೆ ನಿದ್ರಿಸುತ್ತವೆ. ಇವೇ ಹಿಪ್ನೊಜೊಯಿಟ್‌ಗಳು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎಚ್ಚೆತ್ತು ಸೈಜಾಂಟ್ ಆಗಿ ಹೊಸದಾಗಿ ಮೀರೊಜೊಯಿಟ್‌ಗಳನ್ನು ಬಿಡುತ್ತವೆ. ಸೊಳ್ಳೆ ಮತ್ತೆ ಕಚ್ಚದಿದ್ದರೂ ಜ್ವರ ಮರುಕಳಿಸುತ್ತದೆ. ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಮಳೆಗಾಲದಲ್ಲಿ ಮಲೇರಿಯಾ ಹಿಡಿಸಿಕೊಂಡು ಬಂದವರಿಗೆ, ಊರಿನಲ್ಲೇ ಇದ್ದರೂ ಕೆಲವು ತಿಂಗಳ ಬಳಿಕ ಅದೇ ಜ್ವರ ಬಂದ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ರಕ್ತದೊಳಗಿನ ಪರಾವಲಂಬಿಯನ್ನು ಕೊಲ್ಲುವ ಕ್ಲೋರೊಕ್ವಿನ್ ಹಿಪ್ನೊಜೊಯಿಟ್‌ಗಳನ್ನು ಮುಟ್ಟುವುದಿಲ್ಲ. ಅದಕ್ಕಾಗಿಯೇ ವೈವಾಕ್ಸ್ ರೋಗಿಗೆ ಪ್ರಿಮಾಕ್ವಿನ್ ಅನ್ನೂ ಕೊಡುವುದು. ಔಷಧದ ಮಾತು ಉತ್ತರದಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಬೇಡ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನೀವು ಬರೆದಿರುವುದು ಹೀಗೆ: ರಕ್ತದಲ್ಲಿರುವ ಮೀರೊಜೊಯಿಟ್‌ಗಳಲ್ಲಿ ಕೆಲವು ಮತ್ತೆ ಯಕೃತ್ತಿಗೆ ಮರಳಿ ಅಲ್ಲಿ ಇನ್ನೊಂದು ಸುತ್ತು ನಡೆಸುತ್ತವೆ, ಜ್ವರ ಮರುಕಳಿಸುವುದು ಅದರಿಂದ. ಇದು ನಿಮ್ಮ ಕಲ್ಪನೆಯಲ್ಲ, ಹಳೆಯ ಪಠ್ಯಪುಸ್ತಕಗಳಲ್ಲಿ ಹಾಗೆಯೇ ಇತ್ತು. ಕಾಲೇಜುಗಳಲ್ಲಿ ಕೈಯಿಂದ ಕೈಗೆ ಬರುವ ನೋಟ್ಸುಗಳಲ್ಲಿ ಈಗಲೂ ಇದೆ. ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ 1948ರಲ್ಲಿ ಯಕೃತ್ತಿನ ಹಂತವನ್ನು ತೋರಿಸಿಕೊಟ್ಟ ಬಳಿಕ ಜ್ವರದ ಮರುಕಳಿಕೆಗೆ ಈ ವಿವರಣೆ ಬಹುಕಾಲ ನಡೆಯಿತು. 1980ರ ದಶಕದ ಆರಂಭದಲ್ಲಿ ಹಿಪ್ನೊಜೊಯಿಟ್‌ಗಳು ಕಂಡುಬಂದ ಮೇಲೆ ಅದನ್ನು ಕೈಬಿಡಲಾಗಿದೆ. ರಕ್ತದ ಮೀರೊಜೊಯಿಟ್ ಯಕೃತ್ತಿಗೆ ಮರಳುವುದಿಲ್ಲ. ನಿಮ್ಮ ಚಿತ್ರದಲ್ಲಿ ಕೆಂಪು ರಕ್ತಕಣದಿಂದ ಯಕೃತ್ತಿನ ಕಡೆಗೆ ಹೊರಟ ಆ ಬಾಣವನ್ನು ಅಳಿಸಿಬಿಡಿ; ಅದರ ಬದಲು ಯಕೃತ್ತಿನ ಜೀವಕೋಶದೊಳಗೇ ಒಂದು ಚಿಕ್ಕ ಹಿಪ್ನೊಜೊಯಿಟ್ ಬಿಡಿಸಿ, ಅದರಿಂದ ಸೈಜಾಂಟಿನ ಕಡೆಗೆ ಚುಕ್ಕೆಗೆರೆಯ ಬಾಣ ಎಳೆಯಿರಿ. ‘ವಾರ ಅಥವಾ ತಿಂಗಳ ಬಳಿಕ’ ಎಂದು ಆ ಬಾಣದ ಮೇಲೆ ಬರೆದರೆ ಮರುಕಳಿಕೆಯ ವಿವರಣೆ ಚಿತ್ರದಲ್ಲೇ ಮುಗಿಯುತ್ತದೆ.

ರಕ್ತದೊಳಗಿನ ಹಂತವನ್ನು ನೀವು ಸಾಕಷ್ಟು ಚೆನ್ನಾಗಿಯೇ ಬರೆದಿದ್ದೀರಿ, ಆದ್ದರಿಂದ ಬೇಗ ದಾಟುತ್ತೇನೆ. ಮೀರೊಜೊಯಿಟ್ ಕೆಂಪು ರಕ್ತಕಣದೊಳಗೆ ಹೊಕ್ಕು ಉಂಗುರದ ರೂಪ ತಾಳುತ್ತದೆ, ಬೆಳೆದು ಮಿಥ್ಯಪಾದಗಳುಳ್ಳ ಅಮೀಬಾದಂತಹ ಟ್ರೊಫೊಜೊಯಿಟ್ ಆಗುತ್ತದೆ, ಮತ್ತೆ ಸೈಜಾಂಟ್ ಆಗಿ 12ರಿಂದ 24 ಮೀರೊಜೊಯಿಟ್‌ಗಳನ್ನು ಕೊಡುತ್ತದೆ. ಒಂದು ಸುತ್ತಿಗೆ 48 ಗಂಟೆ. ನೀವು ಬಿಟ್ಟಿರುವುದು ಎರಡು ಸಂಗತಿ. ಮೊದಲನೆಯದು, ಪರಾವಲಂಬಿ ಹಿಮೊಗ್ಲೋಬಿನ್ ಅನ್ನು ತಿಂದು ಉಳಿಸಿದ ಕಂದು ಬಣ್ಣದ ಹಿಮೊಜೊಯಿನ್ ಕಣಗಳು. ಎರಡನೆಯದು, ಜ್ವರಕ್ಕೂ ಚಕ್ರಕ್ಕೂ ಇರುವ ಸಂಬಂಧ. ಕಣಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಒಡೆದು ಒಳಗಿನದ್ದೆಲ್ಲ ರಕ್ತಕ್ಕೆ ಚೆಲ್ಲಿದಾಗ ಚಳಿಜ್ವರ ಏರುತ್ತದೆ. ಸುತ್ತು 48 ಗಂಟೆಯದಾದ್ದರಿಂದ ಜ್ವರವೂ ದಿನ ಬಿಟ್ಟು ದಿನ. ಲಕ್ಷಣಗಳನ್ನು ಬರೆಯುವುದಾದರೆ ಇಲ್ಲಿ, ಇಷ್ಟೇ.

ಗೆಮಿಟೊಸೈಟ್‌ನ ತಿರುವಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಕೆಲವು ಮೀರೊಜೊಯಿಟ್‌ಗಳು ಕೆಂಪು ರಕ್ತಕಣವನ್ನು ಹೊಕ್ಕ ಮೇಲೆ ವಿಭಜಿಸದೆ ಗಂಡು ಅಥವಾ ಹೆಣ್ಣು ಗೆಮಿಟೊಸೈಟ್ ಆಗುತ್ತವೆ. ಇದು ನಡೆಯುವುದು ಮನುಷ್ಯನ ರಕ್ತದಲ್ಲಿ. ಆದರೆ ಗೆಮಿಟೊಸೈಟ್ ಇನ್ನೂ ಲಿಂಗಾಣುವಲ್ಲ. ಸೊಳ್ಳೆಯ ಹೊಟ್ಟೆಗೆ ಹೋಗುವವರೆಗೆ ಅದು ಹಾಗೆಯೇ ಕಾಯುತ್ತದೆ. ನೀವು ‘ರಕ್ತದಲ್ಲಿ ಲಿಂಗಾಣುಗಳು ಉಂಟಾಗುತ್ತವೆ’ ಎಂದು ಬರೆದಿದ್ದೀರಿ. ಒಂದು ಹೆಸರಿನ ವ್ಯತ್ಯಾಸವೆಂದು ಕಾಣಬಹುದು, ಆದರೆ ಹಾಗೆ ಬರೆದ ಕೂಡಲೇ ಲೈಂಗಿಕ ಹಂತ ಮನುಷ್ಯನೊಳಗೆ ಮುಗಿದಂತಾಗಿ, ಮೊದಲ ವಾಕ್ಯವನ್ನು ತಿದ್ದಿ ಸೊಳ್ಳೆಯೇ ಅಂತಿಮ ಆತಿಥೇಯ ಎಂದು ಬರೆದರೂ ಅದಕ್ಕೆ ಅರ್ಥವಿಲ್ಲದಾಗುತ್ತದೆ.

ಸೊಳ್ಳೆಯೊಳಗಿನ ಭಾಗಕ್ಕೆ ನೀವು ಕೊಟ್ಟಿರುವುದು ಆರು ಸಾಲು. ಆರು ಪುಟದಲ್ಲಿ ಆರು ಸಾಲು! ನಾಲ್ಕು ಅಂಕ ಕಾದಿರುವ ಜಾಗವಿದು. ಸಮಯ ಮುಗಿಯುತ್ತಾ ಬಂದಿತ್ತೆಂದು ನಿಮ್ಮ ಕೈಬರಹವೇ ಹೇಳುತ್ತದೆ. ಅಲ್ಲಿ ಬರಬೇಕಾದದ್ದು ಹೀಗೆ:

“ಸೊಳ್ಳೆ ಹೀರಿದ ರಕ್ತದಲ್ಲಿರುವ ಇತರ ರೂಪಗಳು ಜೀರ್ಣವಾಗುತ್ತವೆ, ಗೆಮಿಟೊಸೈಟ್‌ಗಳು ಮಾತ್ರ ಉಳಿಯುತ್ತವೆ. ಉಷ್ಣತೆ ಇಳಿದಾಗ ಮತ್ತು ಸೊಳ್ಳೆಯ ಹೊಟ್ಟೆಯ ರಾಸಾಯನಿಕ ಪರಿಸರ ಬದಲಾದಾಗ, ಗಂಡು ಗೆಮಿಟೊಸೈಟ್ ಹತ್ತು ಹದಿನೈದು ನಿಮಿಷಗಳಲ್ಲಿ ಚಾವಟಿಯಂತಹ ಎಂಟು ಗಂಡು ಲಿಂಗಾಣುಗಳನ್ನು ಹೊರಚೆಲ್ಲುತ್ತದೆ. ಈ ಕ್ರಿಯೆಯೇ ಎಕ್ಸ್‌ಫ್ಲಾಜೆಲೇಷನ್. ಹೆಣ್ಣು ಗೆಮಿಟೊಸೈಟ್‌ನಿಂದ ಒಂದೇ ಹೆಣ್ಣು ಲಿಂಗಾಣು ಆಗುತ್ತದೆ. ಎರಡೂ ಕೂಡಿ ಯುಗ್ಮಜ ಉಂಟಾಗುತ್ತದೆ. ಇಡೀ ಚಕ್ರದಲ್ಲಿ ದ್ವಿಗುಣಿತ ಹಂತ ಇದೊಂದೇ. ಇಲ್ಲಿಯೇ ಅರ್ಧವಿಭಜನೆ ನಡೆಯುತ್ತದೆ. ಯುಗ್ಮಜ ಒಂದು ದಿನದೊಳಗೆ ಉದ್ದವಾಗಿ ಚಲಿಸಬಲ್ಲ ಊಕೈನೀಟ್ ಆಗಿ, ಹೊಟ್ಟೆಯ ಗೋಡೆಯನ್ನು ಕೊರೆದು ದಾಟಿ, ಗೋಡೆಯ ಹೊರಮೈಯಲ್ಲಿ ದುಂಡಗಿನ ಊಸಿಸ್ಟ್ ಆಗಿ ನಿಲ್ಲುತ್ತದೆ. ಊಸಿಸ್ಟ್‌ನೊಳಗೆ ಸ್ಪೋರೊಗನಿ ನಡೆದು ಸಾವಿರಾರು ಸ್ಪೋರೊಜೊಯಿಟ್‌ಗಳಾಗುತ್ತವೆ. ಊಸಿಸ್ಟ್ ಒಡೆದಾಗ ಅವು ದೇಹಕುಹರದ ದ್ರವಕ್ಕೆ ಬಿದ್ದು ಜೊಲ್ಲುಗ್ರಂಥಿಗಳನ್ನು ಸೇರುತ್ತವೆ. ಸೊಳ್ಳೆಯೊಳಗಿನ ಈ ಅವಧಿ ಉಷ್ಣತೆಗೆ ಅನುಗುಣವಾಗಿ ಸುಮಾರು 8ರಿಂದ 16 ದಿನ.”

ರಾಸ್ ಅವರ ಹೆಸರನ್ನು ಬಿಡಲು ಮನಸ್ಸಿಲ್ಲದಿದ್ದರೆ ಊಸಿಸ್ಟ್ ಬಂದ ಸಾಲಿನಲ್ಲಿ ಸೇರಿಸಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡದ್ದು ಇದನ್ನೇ. ಒಳಗಿದ್ದ ಕಪ್ಪು ವರ್ಣಕಣಗಳು ಮನುಷ್ಯನ ರಕ್ತದಲ್ಲಿ ಕಾಣುವ ಮಲೇರಿಯಾ ಪರಾವಲಂಬಿಯ ವರ್ಣಕಣಗಳಂತೆಯೇ ಇದ್ದುದರಿಂದ ಗುರುತು ಸಿಕ್ಕಿತು. ಹಿಮೊಜೊಯಿನ್ ಬಗ್ಗೆ ನೀವು ಮೊದಲೇ ಬರೆದಿದ್ದರೆ ಈ ಒಂದು ಸಾಲು ಅದರೊಂದಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಇತಿಹಾಸಕ್ಕೆ ಜೀವನಚಕ್ರದ ಉತ್ತರದಲ್ಲಿ ಇಷ್ಟೇ ಜಾಗ.

ಇನ್ನು ಚಿತ್ರ. ಬಣ್ಣಕ್ಕೆ ಅಂಕವಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಚಿತ್ರ ಚೆಂದವಿದೆ, ಗೋಡೆಗೆ ಅಂಟಿಸಬಹುದು. ಆದರೆ ಅದರಲ್ಲಿ ಹದಿನಾಲ್ಕು ಆಕೃತಿಗಳಿವೆ, ಹೆಸರು ಬರೆದಿರುವುದು ಆರಕ್ಕೆ. ಮನುಷ್ಯನ ಇಡೀ ದೇಹವನ್ನೂ ರೆಕ್ಕೆ ಬಿಚ್ಚಿದ ಸೊಳ್ಳೆಯನ್ನೂ ಬಿಡಿಸಿದ್ದೀರಿ. ಇವೆರಡೇ ಅರ್ಧ ಪುಟ ತಿಂದಿವೆ, ಎರಡಕ್ಕೂ ಅಂಕವಿಲ್ಲ. ಉಳಿದ ಜಾಗದಲ್ಲಿ ಟ್ರೊಫೊಜೊಯಿಟ್ ಮೆಣಸಿನ ಕಾಳಿನಷ್ಟು ಚಿಕ್ಕದಾಗಿ ಕುಳಿತಿದೆ, ಅದರೊಳಗೆ ಏನಿದೆ ಎಂದು ಯಾರಿಗೂ ತಿಳಿಯದು.

ಒಂದು ಪೂರ್ತಿ ಪುಟವನ್ನು ಚಿತ್ರಕ್ಕೆಂದು ಬಿಡಿ, ಸಾಧಾರಣ ಎಚ್‌ಬಿ ಪೆನ್ಸಿಲ್ ಸಾಕು. ಪುಟದ ನಡುವೆ ಅಡ್ಡಲಾಗಿ ಒಂದು ಚುಕ್ಕೆಗೆರೆ ಎಳೆದು, ಮೇಲಿನ ಭಾಗಕ್ಕೆ ‘ಮನುಷ್ಯನಲ್ಲಿ’, ಕೆಳಗಿನ ಭಾಗಕ್ಕೆ ‘ಸೊಳ್ಳೆಯಲ್ಲಿ’ ಎಂದು ಬರೆಯಿರಿ. ಮನುಷ್ಯನ ಚಿತ್ರವೂ ಬೇಡ, ಸೊಳ್ಳೆಯ ಚಿತ್ರವೂ ಬೇಡ, ಈ ಗೆರೆಯೇ ಎರಡರ ಕೆಲಸ ಮಾಡುತ್ತದೆ. ಗೆರೆಯನ್ನು ದಾಟುವ ಬಾಣಗಳು ಎರಡೇ ಇರಬೇಕು: ಸ್ಪೋರೊಜೊಯಿಟ್ ಕೆಳಗಿನಿಂದ ಮೇಲಕ್ಕೆ, ಗೆಮಿಟೊಸೈಟ್ ಮೇಲಿನಿಂದ ಕೆಳಕ್ಕೆ. ನಿಮ್ಮ ಚಿತ್ರದಲ್ಲಿ ಮೂರನೆಯ ಬಾಣವೊಂದು ಗೆರೆ ದಾಟುತ್ತಿದ್ದರೆ ಎಲ್ಲೋ ಒಂದು ಹಂತ ತಪ್ಪಿದೆ ಎಂದೇ ತಿಳಿಯಿರಿ.

ಮೇಲಿನ ಭಾಗದಲ್ಲಿ ಎರಡು ಸುತ್ತುಗಳನ್ನು ಬೇರೆ ಬೇರೆಯಾಗಿ ಕಾಣುವಂತೆ ಬಿಡಿಸಬೇಕು, ಎಡಕ್ಕೆ ಯಕೃತ್ತಿನದು, ಬಲಕ್ಕೆ ರಕ್ತದ್ದು. ಯಕೃತ್ತಿನ ಜೀವಕೋಶಗಳನ್ನು ಬಹುಭುಜಾಕೃತಿಯಲ್ಲಿ, ಪಕ್ಕಕ್ಕೆ ತಳ್ಳಿದ ಕೋಶಕೇಂದ್ರದೊಡನೆ ಬಿಡಿಸಿದರೆ ಕೆಂಪು ರಕ್ತಕಣಗಳಿಂದ ಅವು ತಾವೇ ಬೇರೆಯಾಗಿ ಕಾಣುತ್ತವೆ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಹಾಕಬೇಡಿ. ನೀವು ಎರಡು ಕಡೆ ಹಾಕಿದ್ದೀರಿ.

ಈಗ ಒಂದೇ ಒಂದು ಆಕೃತಿಯನ್ನು ಹತ್ತಿರದಿಂದ ನೋಡೋಣ, ವೈವಾಕ್ಸ್‌ನ ಅಮೀಬಾದಂತಹ ಟ್ರೊಫೊಜೊಯಿಟ್. ಮೊದಲು ಸುಮಾರು ಎರಡೂವರೆ ಸೆಂಟಿಮೀಟರ್ ಅಗಲದ ವೃತ್ತ ಬಿಡಿಸಿ. ಉಂಗುರದ ಹಂತದ ಕಣಕ್ಕೆ ಎರಡು ಸೆಂಟಿಮೀಟರ್ ಸಾಕು. ಇದನ್ನು ದೊಡ್ಡದು ಮಾಡುವುದಕ್ಕೆ ಕಾರಣವಿದೆ, ವೈವಾಕ್ಸ್ ಹೊಕ್ಕ ಕಣ ಉಬ್ಬುತ್ತದೆ. ವೃತ್ತದೊಳಗೆ ಅಂಕುಡೊಂಕಾದ ಅಂಚಿನ ಪರಾವಲಂಬಿ, ಅದರೊಳಗೆ ಒಂದು ಕೋಶಕೇಂದ್ರ, ಒಂದು ರಸದಾನಿ, ಏಳೆಂಟು ಹಿಮೊಜೊಯಿನ್ ಕಣಗಳು. ಕೊನೆಗೆ ಶಫ್ನರ್ ಚುಕ್ಕೆಗಳು. ಇವನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ಮೌಲ್ಯಮಾಪಕರು ನೋಡಿಯೇ ನೋಡುತ್ತಾರೆ. ನೀವು ಪರಾವಲಂಬಿಯ ಮೈಮೇಲೆ ಹಾಕಿದ್ದೀರಿ. ಅವು ಇರುವುದು ಕೆಂಪು ರಕ್ತಕಣದಲ್ಲಿ, ಪರಾವಲಂಬಿಯ ಹೊರಗೆ ಉಳಿದ ಜಾಗದಲ್ಲಿ. ಹಿಮೊಜೊಯಿನ್ ಪರಾವಲಂಬಿಯೊಳಗೆ, ಶಫ್ನರ್ ಚುಕ್ಕೆ ಅದರ ಹೊರಗೆ. ಎರಡೂ ಚುಕ್ಕೆಗಳೇ ಆದ್ದರಿಂದ ಹಿಮೊಜೊಯಿನ್ ಅನ್ನು ಸ್ವಲ್ಪ ದಪ್ಪಗೆ, ಶಫ್ನರ್ ಚುಕ್ಕೆಗಳನ್ನು ಪೆನ್ಸಿಲಿನ ಮೊನೆಯಿಂದ ನವಿರಾಗಿ ಇಡಿ, ಎರಡಕ್ಕೂ ಹೆಸರು ಬರೆಯಿರಿ.

ಗೆಮಿಟೊಸೈಟ್‌ಗಳನ್ನು ನೀವು ಬಾಳೆಹಣ್ಣಿನ ಆಕಾರದಲ್ಲಿ ಬಿಡಿಸಿದ್ದೀರಿ. ಅದು ಫಾಲ್ಸಿಪಾರಮ್‌ನದು. ವೈವಾಕ್ಸ್‌ನ ಗೆಮಿಟೊಸೈಟ್ ದುಂಡಗೆ ಇರುತ್ತದೆ. ಗಂಡಿನ ಕೋಶಕೇಂದ್ರ ದೊಡ್ಡದು, ಹರಡಿಕೊಂಡದ್ದು. ಹೆಣ್ಣಿನದು ಚಿಕ್ಕದು, ಒತ್ತಾಗಿ ಅಂಚಿಗೆ ಸರಿದದ್ದು. ಪ್ರಶ್ನೆ ವೈವಾಕ್ಸ್ ಎಂದಿರುವಾಗ ಈ ಒಂದು ಆಕಾರ, ನೀವು ಬೇರೊಂದು ಪ್ರಭೇದದ ಚಿತ್ರವನ್ನು ಬಾಯಿಪಾಠ ಮಾಡಿ ಬಂದಿದ್ದೀರಿ ಎಂದು ಸಾರಿಬಿಡುತ್ತದೆ.

ಕೆಳಗಿನ ಭಾಗದಲ್ಲಿ ಹೊಟ್ಟೆಯ ಗೋಡೆಯ ಒಂದು ತುಂಡನ್ನು ಮಾತ್ರ ಬಿಡಿಸಿ: ಒತ್ತಾಗಿ ನಿಂತ ಏಳೆಂಟು ಜೀವಕೋಶಗಳ ಒಂದು ಸಾಲು. ಸಾಲಿನ ಒಂದು ಬದಿಗೆ ‘ಹೊಟ್ಟೆಯ ಒಳಭಾಗ’, ಇನ್ನೊಂದು ಬದಿಗೆ ‘ದೇಹಕುಹರ’ ಎಂದು ಬರೆಯದಿದ್ದರೆ ಆ ಚಿತ್ರಕ್ಕೆ ಅರ್ಥವಿಲ್ಲ. ಲಿಂಗಾಣುಗಳು, ಯುಗ್ಮಜ ಒಳಭಾಗದಲ್ಲಿ. ಊಕೈನೀಟ್ ಗೋಡೆಯ ನಡುವೆ ತೂರುತ್ತಿರುವಂತೆ. ಊಸಿಸ್ಟ್ ದೇಹಕುಹರದ ಬದಿಗೆ ಉಬ್ಬಿ ನಿಂತಂತೆ. ನಿಮ್ಮ ಚಿತ್ರದಲ್ಲಿ ಊಸಿಸ್ಟ್ ಹೊಟ್ಟೆಯೊಳಗೇ ತೇಲುತ್ತಿದೆ. ಅಲ್ಲಿ ಒಡೆದರೆ ಸ್ಪೋರೊಜೊಯಿಟ್‌ಗಳು ಜೊಲ್ಲುಗ್ರಂಥಿಗೆ ಹೋಗುವುದು ಹೇಗೆ? ಬರವಣಿಗೆಯಲ್ಲಿ ‘ಗೋಡೆಯ ಹೊರಮೈ’ ಎಂದು ನೀವೇ ಸರಿಯಾಗಿ ಬರೆದಿದ್ದೀರಿ. ಬರಹ ಒಂದು, ಚಿತ್ರ ಇನ್ನೊಂದು ಹೇಳಿದಾಗ ಎರಡು ಕಡೆಯ ಅಂಕವೂ ತೂಗುಯ್ಯಾಲೆಯಲ್ಲಿರುತ್ತದೆ.

ಹೆಸರು ಬರೆಯುವ ಗೆರೆಗೆ ಬಾಣದ ತುದಿ ಇರಬಾರದು. ಈ ಚಿತ್ರದಲ್ಲಿ ಬಾಣಕ್ಕೆ ಒಂದೇ ಅರ್ಥ, ಒಂದು ರೂಪ ಇನ್ನೊಂದಾಗುವುದು. ನೀವು ಹೆಸರಿನ ಗೆರೆಗಳಿಗೂ ಬಾಣ ಹಾಕಿರುವುದರಿಂದ ಯಾವುದು ಪಯಣ, ಯಾವುದು ಹೆಸರು ಎಂದು ಹುಡುಕಬೇಕಾಗಿದೆ. ಹೆಸರಿನ ಗೆರೆಗಳನ್ನು ಸ್ಕೇಲಿನಿಂದ ಎಳೆಯಿರಿ, ಆಕೃತಿಯನ್ನು ಮುಟ್ಟಿಸಿ, ಒಂದನ್ನೊಂದು ದಾಟದಂತೆ ಪುಟದ ಎರಡು ಅಂಚಿಗೆ ಒಯ್ದು, ಹೆಸರುಗಳನ್ನು ಅಡ್ಡಲಾಗಿ ಒಂದರ ಕೆಳಗೊಂದು ಬರೆಯಿರಿ. ಬಾಣಗಳ ಮೇಲೆ ಕ್ರಿಯೆಯ ಹೆಸರೂ ಕಾಲವೂ ಇರಲಿ: ಸೈಜೊಗನಿ, ಸುಮಾರು ಎಂಟು ದಿನ, ಸೈಜೊಗನಿ, 48 ಗಂಟೆ, ಎಕ್ಸ್‌ಫ್ಲಾಜೆಲೇಷನ್, ಹತ್ತು ಹದಿನೈದು ನಿಮಿಷ, ಸ್ಪೋರೊಗನಿ. ಪ್ರತಿ ಆಕೃತಿಗೂ ಒಂದು ಸಂಖ್ಯೆ ಕೊಟ್ಟು, ಬರಹದಲ್ಲಿ ಆ ಹಂತ ಬಂದಾಗ ‘ಚಿತ್ರ, 5’ ಎಂದು ಸೂಚಿಸಿ. ಸ್ಪೋರೊಜೊಯಿಟ್, ಯಕೃತ್ತಿನ ಸೈಜಾಂಟ್, ಊಸಿಸ್ಟ್ ಇವುಗಳ ನಿಜವಾದ ಗಾತ್ರದಲ್ಲಿ ಭಾರೀ ಅಂತರವಿದೆ, ಆದ್ದರಿಂದ ಶೀರ್ಷಿಕೆಯ ಪಕ್ಕದಲ್ಲಿ ‘ಅಳತೆಗೆ ತಕ್ಕದ್ದಲ್ಲ’ ಎಂದು ಬರೆಯುವುದು ಒಳ್ಳೆಯ ಅಭ್ಯಾಸ.

ಚಿತ್ರವನ್ನು ಮೊದಲು ಬಿಡಿಸಬೇಕೇ, ಕೊನೆಗೆ ಬಿಡಿಸಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಮಟ್ಟಿಗೆ ಮೊದಲೇ. 15 ಅಂಕಕ್ಕೆ ನಿಮಗೆ ಮೂವತ್ತೈದು ನಿಮಿಷ ಇದೆ ಎಂದುಕೊಂಡರೆ ಆತಿಥೇಯಗಳ ಎರಡು ವಾಕ್ಯ ಬರೆದು ಚಿತ್ರಕ್ಕೆ ಇಳಿಯಿರಿ, ಹದಿಮೂರು ಹದಿನಾಲ್ಕು ನಿಮಿಷದಲ್ಲಿ ಮುಗಿಸಿ. ಮುಗಿದ ಮೇಲೆ ಬರವಣಿಗೆಗೆ ಬೇರೆ ನೆನಪು ಬೇಕಿಲ್ಲ, 1ನೆಯ ಸಂಖ್ಯೆಯಿಂದ ಹಿಡಿದು ಚಿತ್ರವನ್ನೇ ಓದುತ್ತಾ ಹೋದರಾಯಿತು. ಯಾವ ಹಂತವೂ ಬಿಟ್ಟುಹೋಗುವುದಿಲ್ಲ, ಸೊಳ್ಳೆಯ ಭಾಗಕ್ಕೆ ಬಂದಾಗ ಗಂಟೆ ಬಾರಿಸುವುದೂ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಚಿತ್ರ ಸರಿಯಿದೆಯೇ ಎಂದು ತಿಳಿಯಲು, ಬರಹವಿಲ್ಲದ ಆ ಒಂದು ಪುಟವನ್ನು ಗೆಳತಿಯ ಕೈಗೆ ಕೊಟ್ಟು ಚಕ್ರವನ್ನು ಹೇಳಲು ಕೇಳಿ. ಅವರು ತಡವರಿಸಿದ ಕಡೆ ಬಾಣವೋ ಹೆಸರೋ ಬಿಟ್ಟುಹೋಗಿದೆ.

ಇದೇ ಪ್ರಶ್ನೆ ಐದು ಅಂಕಕ್ಕೆ ಬಂದರೆ ಚಿತ್ರವನ್ನು ಅರ್ಧ ಪುಟಕ್ಕೆ ಇಳಿಸಿ, ಪ್ರತಿ ಹಂತಕ್ಕೆ ಒಂದೇ ವಾಕ್ಯ ಕೊಡಿ. ಹಂತಗಳನ್ನು ಮಾತ್ರ ಬಿಡಬೇಡಿ. ಒಂದು ಭಾಗವನ್ನಷ್ಟೇ ಕೇಳಿದರೆ, ಉದಾಹರಣೆಗೆ ‘ಸೊಳ್ಳೆಯಲ್ಲಿ ಪ್ಲಾಸ್ಮೋಡಿಯಂನ ಬೆಳವಣಿಗೆ’ ಎಂದಿದ್ದರೆ, ಚಿತ್ರದ ಕೆಳಗಿನ ಅರ್ಧ ಮಾತ್ರ ಬೇಕಾಗುತ್ತದೆ. ಮೇಲಿನ ಅರ್ಧವನ್ನು ಅಭ್ಯಾಸಬಲದಿಂದ ಬಿಡಿಸಿ ಸಮಯ ಕಳೆಯುವವರು ಬೇಕಾದಷ್ಟಿದ್ದಾರೆ.

ಮುಂದಿನ ಪಾಠ ಆನೆಕಾಲು ರೋಗದ ಉಚೆರೇರಿಯಾ ಎಂದು ಬರೆದಿದ್ದೀರಿ. ಅಲ್ಲಿಯೂ ಸೊಳ್ಳೆ ಇದೆ ಎಂದು ಮಲೇರಿಯಾದ ಚಿತ್ರವನ್ನೇ ಅಚ್ಚು ಹಾಕಬೇಡಿ, ತಿರುವುಗಳು ಪೂರ್ತಿ ಬೇರೆ. ಅಲ್ಲಿ ಗಂಡು ಹೆಣ್ಣು ಹುಳುಗಳು ಕೂಡುವುದು ಮನುಷ್ಯನ ದುಗ್ಧನಾಳಗಳಲ್ಲಿ, ಆದ್ದರಿಂದ ಮನುಷ್ಯನೇ ಅಂತಿಮ ಆತಿಥೇಯ, ಸೊಳ್ಳೆ ಮಧ್ಯಂತರ ಆತಿಥೇಯ. ಸೊಳ್ಳೆಯೊಳಗೆ ಮೈಕ್ರೊಫೈಲೇರಿಯಾ ಬೆಳೆದು ಮೂರನೆಯ ಹಂತದ ಮರಿಹುಳುವಾಗುತ್ತದೆಯೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಒಂದು ಒಳಹೋದರೆ ಹೆಚ್ಚೆಂದರೆ ಒಂದೇ ಹೊರಬರುತ್ತದೆ. ಒಂದರಿಂದ ಹಲವು ಬಾಣಗಳು ಹೊರಟರೆ ಆ ಚಿತ್ರ ತಪ್ಪು. ಇನ್ನೊಂದು, ಆ ಮರಿಹುಳುಗಳು ಜೊಲ್ಲಿನೊಂದಿಗೆ ಚುಚ್ಚಲ್ಪಡುವುದಿಲ್ಲ. ಸೊಳ್ಳೆ ಕಚ್ಚುವಾಗ ಅದರ ಸೊಂಡಿಲಿನಿಂದ ಚರ್ಮದ ಮೇಲೆ ಬಿದ್ದು, ಕಚ್ಚಿದ ಗಾಯದ ಮೂಲಕ ತಾವೇ ಒಳನುಗ್ಗುತ್ತವೆ. ಹಾಗಾಗಿ ಸೊಳ್ಳೆಯಿಂದ ಮನುಷ್ಯನಿಗೆ ದಾಟುವ ಬಾಣವನ್ನು ಜೊಲ್ಲುಗ್ರಂಥಿಯಿಂದಲ್ಲ, ಸೊಂಡಿಲಿನ ತುದಿಯಿಂದ ಹೊರಡಿಸಿ. ಅದನ್ನೂ ಒಂದು ಪುಟಕ್ಕೆ ಬಿಡಿಸಿ ಕಳುಹಿಸಿ, ನೋಡುತ್ತೇನೆ.